ಬಚ್ಚಲಿಗೂ ಅಡುಗೆಮನೆಗೂ ಒಂದೇ ಸೀಲಿಂಗ್ ಬೇಡ

ಪ್ರಶ್ನೆ: ಮಂಗಳೂರಿನಲ್ಲಿ ಹಳೇ ಫ್ಲ್ಯಾಟ್ ತಗೊಂಡಿದ್ದೇವೆ. ನಮ್ಮ ಮೇಲೆ ಇನ್ನೊಂದು ಮನೆ ಇದೆ. ಬಾತ್‌ರೂಮ್ 8 ಅಡಿ ಉದ್ದ, 5 ಅಡಿ ಅಗಲ. ಅಡುಗೆಮನೆ 10 ಅಡಿಗೆ 8 ಅಡಿ. ಎರಡಕ್ಕೂ ಫಾಲ್ಸ್ ಸೀಲಿಂಗ್ ಆಗಬೇಕು. ಮೇಸ್ತ್ರಿ ಪಿಒಪಿ ಮಾಡೋಣ ಅಂತಾರೆ, ಅವರಿಗೆ ಮುಂಗಡ ಕೊಟ್ಟಾಗಿದೆ. ನಮ್ಮ ಭಾವ ಜಿಪ್ಸಮ್ ಬೋರ್ಡೇ ಗಟ್ಟಿ ಅಂತಾರೆ. ಅಂಗಡಿಯವರು ಪಿವಿಸಿ ಹಾಕಿ ಅಂತಾರೆ. ನಮ್ಮೂರಿನ ಮಳೆಗಾಲಕ್ಕೆ ಯಾವುದು ಉಳಿಯುತ್ತೆ?

ಉತ್ತರ: ಬಾತ್‌ರೂಮಿಗೆ ಪಿವಿಸಿ ಹಾಕಿಸಿ. ಅಡುಗೆಮನೆಗೆ ತೇವ ತಡೆಯುವ ಜಿಪ್ಸಮ್ ಬೋರ್ಡ್ ಹಾಕಿಸಿ. ಪಿಒಪಿ ಈ ಎರಡು ಕಡೆಗೂ ಬೇಡ. ಆದರೆ ಯಾವುದನ್ನೇ ಹಾಕಿಸುವ ಮೊದಲು ಬಾತ್‌ರೂಮಿನ ಸ್ಲ್ಯಾಬ್ ಒಣಗಿದೆಯಾ ಅಂತ ನೋಡಲೇಬೇಕು. ಅದನ್ನು ಬಿಟ್ಟರೆ ಮೂರರಲ್ಲಿ ಯಾವುದೂ ಉಳಿಯುವುದಿಲ್ಲ.

ಮೊದಲು ಮೇಸ್ತ್ರಿ ಮತ್ತು ಭಾವನ ವಾದ ನೋಡೋಣ. ಪಿಒಪಿ ಮತ್ತು ಜಿಪ್ಸಮ್ ಬೋರ್ಡ್ ಬೇರೆ ಬೇರೆ ವಸ್ತು ಅಂತ ಬಹಳ ಜನ ತಿಳಿದಿರುತ್ತಾರೆ. ಎರಡರ ಒಳಗಿರುವುದೂ ಜಿಪ್ಸಮ್ಮೇ. ಜಿಪ್ಸಮ್ ಕಲ್ಲಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ನೀರು ಸೇರಿಕೊಂಡಿರುತ್ತದೆ. ಅದನ್ನು ಪುಡಿ ಮಾಡಿ ಕಾಯಿಸಿದರೆ ಆ ನೀರಿನ ಮುಕ್ಕಾಲು ಪಾಲು ಹೋಗಿ ಪಿಒಪಿ ಪುಡಿ ಆಗುತ್ತದೆ. ಪುಡಿಗೆ ಮತ್ತೆ ನೀರು ಹಾಕಿದರೆ ಅದು ತಿರುಗಿ ಜಿಪ್ಸಮ್ ಆಗಿ ಗಟ್ಟಿಯಾಗುತ್ತದೆ. ಬೋರ್ಡಿನಲ್ಲಿ ಈ ಕೆಲಸ ಕಾರ್ಖಾನೆಯಲ್ಲಿ ಆಗುತ್ತದೆ. ಎರಡು ಕಾಗದಗಳ ನಡುವೆ ಅದನ್ನು ಸುರಿದು, ಒಲೆಯಲ್ಲಿ ಒಣಗಿಸಿ ಕಳಿಸುತ್ತಾರೆ. ಪಿಒಪಿಯಲ್ಲಿ ಅದೇ ಕೆಲಸ ನಿಮ್ಮ ಮನೆಯ ಬಕೆಟ್‌ನಲ್ಲಿ ಆಗುತ್ತದೆ.

ನಮ್ಮ ಕರಾವಳಿಯಲ್ಲಿ ಪಿಒಪಿ ಸೋಲುವುದು ಈ ಬಕೆಟ್‌ನಲ್ಲೇ. 100 ಕಿಲೋ ಪುಡಿ ಗಟ್ಟಿಯಾಗಲು ನಿಜವಾಗಿ ಬೇಕಾದ ನೀರು 19 ಕಿಲೋಗಿಂತ ಕಡಿಮೆ. ಆದರೆ ಅಷ್ಟರಲ್ಲಿ ಕಲಸಿದರೆ ಕರಣೆಯಲ್ಲಿ ಎಳೆಯಲು ಬರುವುದಿಲ್ಲ. ಹಾಗಾಗಿ ಕೆಲಸದವರು 60, 70, ಕೆಲವೊಮ್ಮೆ 80 ಕಿಲೋ ತನಕ ನೀರು ಹಾಕುತ್ತಾರೆ. ಅದು ತಪ್ಪಲ್ಲ, ಕೆಲಸ ಸಾಗಲು ಬೇಕೇ ಬೇಕು. ಜಾಸ್ತಿಯಾದ ನೀರೆಲ್ಲ ಆಮೇಲೆ ಗಾಳಿಗೆ ಆರಿಹೋಗಬೇಕು. ಬಯಲುಸೀಮೆಯಲ್ಲಿ ಬೇಸಿಗೆಯಾದರೆ ಎರಡು ಮೂರು ವಾರದಲ್ಲಿ ಆರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರಿನ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಪಿಒಪಿ ಎಲ್ಲಿಂದ ಒಣಗಬೇಕು? ಮುಟ್ಟಿದರೆ ಗಟ್ಟಿ ಇರುತ್ತದೆ, ಒಳಗೆ ಹಸಿ ಇರುತ್ತದೆ. ಪೇಂಟರ್ ಬಂದು ಪ್ರೈಮರ್ ಬಳಿದು ಹೋಗುತ್ತಾರೆ. ಎರಡು ತಿಂಗಳಲ್ಲಿ ಬಣ್ಣ ಗುಳ್ಳೆ ಎದ್ದು ಹಪ್ಪಳದ ಹಾಗೆ ಬಿಟ್ಟುಕೊಳ್ಳುತ್ತದೆ.

ಆರಿದ ಮೇಲೂ ತೊಂದರೆ ಮುಗಿಯುವುದಿಲ್ಲ. ನೀರು ಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ಬಿಸಿನೀರಿನ ಆವಿ ಆ ರಂಧ್ರಗಳಲ್ಲಿ ಸೇರಿಕೊಳ್ಳುತ್ತದೆ. ನೆನೆದ ಜಿಪ್ಸಮ್ ತನ್ನ ಬಲದಲ್ಲಿ ಅರ್ಧಕ್ಕೂ ಹೆಚ್ಚು ಕಳೆದುಕೊಳ್ಳುತ್ತದೆ. ಅದು ನೀರಿನಲ್ಲಿ ಸ್ವಲ್ಪ ಕರಗುವ ವಸ್ತು ಕೂಡ ಹೌದು, ಲೀಟರಿಗೆ ಎರಡು ಗ್ರಾಂ ಚಿಲ್ಲರೆ. ಒಂದು ಸಲ ನೆನೆದರೆ ಏನೂ ಆಗುವುದಿಲ್ಲ. ಒಂದೇ ಜಾಗದಲ್ಲಿ ದಿನಾ ಹನಿ ಬೀಳುತ್ತಿದ್ದರೆ ಅಲ್ಲಿ ಹೊಂಡವೇ ಬೀಳುತ್ತದೆ. ಪಿಒಪಿಯ ಒಳಗೆ ಬಲಕ್ಕೆಂದು ಕೋಳಿ ಜಾಲರಿ ಹಾಕಿರುತ್ತಾರೆ, ಅದನ್ನು ಹಿಡಿಯಲು ಕಬ್ಬಿಣದ ಆಂಗಲ್ ಇರುತ್ತದೆ. ಉಪ್ಪಿನ ಗಾಳಿಗೆ ಅವೆರಡೂ ಬೇಗ ತುಕ್ಕು ಹಿಡಿಯುತ್ತವೆ. ಸೀಲಿಂಗಿನ ಮೇಲೆ ಚೌಕ ಚೌಕವಾಗಿ ಕಂದು ಗೆರೆ ಕಂಡರೆ ಅದು ಒಳಗಿನ ಜಾಲರಿಯ ತುಕ್ಕು ಅಂತಲೇ ಲೆಕ್ಕ. ಆಮೇಲೆ ಎಷ್ಟು ಬಣ್ಣ ಬಳಿದರೂ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಭಾವ ಹೇಳಿದ್ದು ಸರಿಯಾ? ಅರ್ಧ ಸರಿ. ಬೋರ್ಡ್ ಒಣಗಿಯೇ ಬರುವುದರಿಂದ ಬಕೆಟ್ಟಿನ ತೊಂದರೆ ಇಲ್ಲ. ಆದರೆ ಸಾಮಾನ್ಯ ಬೋರ್ಡ್ ನೀರು ಕುಡಿಯುವುದರಲ್ಲಿ ಪಿಒಪಿಗಿಂತ ಒಳ್ಳೆಯದೇನಲ್ಲ. ಜೊತೆಗೆ ಅದರ ಮೇಲೆ ಕಾಗದ ಇದೆ. ಬೂಷ್ಟಿಗೆ ಕಾಗದ ಅಂದರೆ ಊಟ. ಬಾತ್‌ರೂಮಿನಲ್ಲಿ ಸಾಮಾನ್ಯ ಬೋರ್ಡ್ ಹಾಕಿದರೆ ಮೊದಲ ಮಳೆಗಾಲದಲ್ಲೇ ಮೂಲೆಗಳಲ್ಲಿ ಕಪ್ಪು ಚುಕ್ಕಿ ಬರುತ್ತದೆ. ಎರಡನೆಯದರಲ್ಲಿ, ಬೋರ್ಡನ್ನು ಹಿಡಿದಿರುವ ಲೋಹದ ಚಾನೆಲ್‌ಗಳ ನಡುವೆ ಬೋರ್ಡ್ ಜೋತು ಬೀಳಲು ಶುರುವಾಗುತ್ತದೆ. ಕಣ್ಣಿಗೆ ಸುಮ್ನೆ ಕಾಣುವುದಿಲ್ಲ. ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಸೀಲಿಂಗಿಗೆ ತಾಗಿಸಿದ ಹಾಗೆ ಓರೆಯಾಗಿ ಹಿಡಿಯಿರಿ. ಉಬ್ಬು ತಗ್ಗು ಇದ್ದರೆ ನೆರಳಿನಲ್ಲಿ ಅಲೆ ಅಲೆಯಾಗಿ ಕಾಣುತ್ತದೆ.

ಅದಕ್ಕೇ ನಾನು ತೇವ ತಡೆಯುವ ಬೋರ್ಡ್ ಅಂದದ್ದು. ಅಂಗಡಿಯಲ್ಲಿ ಎಂಆರ್ ಬೋರ್ಡ್ ಅಂತ ಕೇಳಿ. ಇದರ ಜಿಪ್ಸಮ್ಮಿಗೆ ಸಿಲಿಕೋನ್ ಅಥವಾ ಮೇಣದಂಥದ್ದನ್ನು ಬೆರೆಸಿರುತ್ತಾರೆ. ಕಾಗದ ಸಾಮಾನ್ಯವಾಗಿ ಹಸಿರು ಬಣ್ಣದ್ದು. ಎರಡು ಗಂಟೆ ನೀರಿನಲ್ಲಿ ಮುಳುಗಿಸಿದರೂ ತೂಕದ ಶೇಕಡ 5ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಅನ್ನುವುದು ಇದಕ್ಕಿರುವ ಅಳತೆ. ಇದನ್ನು ನೀವೇ ಮನೆಯಲ್ಲಿ ನೋಡಬಹುದು. ಬೋರ್ಡ್ ಇಳಿಸಿದ ದಿನ ಅರ್ಧ ಅಡಿ ಉದ್ದ, ಅರ್ಧ ಅಡಿ ಅಗಲದ ಒಂದು ತುಂಡು ಕತ್ತರಿಸಿಕೊಡಲು ಹೇಳಿ. ಹನ್ನೆರಡೂವರೆ ಮಿಲಿಮೀಟರ್ ದಪ್ಪದ ತುಂಡು ಸುಮಾರು 200 ಗ್ರಾಂ ತೂಗುತ್ತದೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ಬಕೆಟ್‌ನಲ್ಲಿ ಮುಳುಗಿಸಿ, ಮೇಲೆ ಒಂದು ಭಾರ ಇಡಿ. ಎರಡು ಗಂಟೆ ಬಿಟ್ಟು ತೆಗೆದು, ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿ. ನಿಜವಾದ ಎಂಆರ್ ಬೋರ್ಡಾದರೆ 10 ಗ್ರಾಂ ಆಸುಪಾಸು ಏರಿರುತ್ತದೆ. ತುಂಡು ಚಿಕ್ಕದು, ಅಂಚು ಜಾಸ್ತಿ, ಹಾಗಾಗಿ ಎರಡು ಮೂರು ಗ್ರಾಂ ಹೆಚ್ಚು ಬಂದರೆ ಚಿಂತೆ ಬೇಡ. ಸಾಮಾನ್ಯ ಬೋರ್ಡಾದರೆ 60 ಗ್ರಾಂ ದಾಟಿರುತ್ತದೆ, ಕಾಗದವೂ ಸಡಿಲಾಗಿರುತ್ತದೆ. ಬಣ್ಣ ಬಳಿದ ಮೇಲೆ ಎರಡೂ ಒಂದೇ ಥರ ಕಾಣುವುದರಿಂದ ಪರೀಕ್ಷೆ ಮಾಡಲು ಇದೊಂದೇ ಸಮಯ.

ಒಂದು ಮಾತು ಮಾತ್ರ ಮರೆಯಬೇಡಿ. ಎಂಆರ್ ಬೋರ್ಡ್ ತಡೆಯುವುದು ಗಾಳಿಯಲ್ಲಿರುವ ತೇವವನ್ನು. ಮೇಲಿನಿಂದ ತೊಟ್ಟಿಕ್ಕುವ ನೀರನ್ನಲ್ಲ. ಸೀಲಿಂಗಿನ ಮೇಲೆ ನೀರು ನಿಂತರೆ ಹಸಿರು ಬೋರ್ಡೂ ಹಾಳಾಗುತ್ತದೆ, ಸ್ವಲ್ಪ ತಡವಾಗಿ ಅಷ್ಟೇ.

ಈಗ ನಿಮ್ಮ ಬಾತ್‌ರೂಮಿಗೆ ಬರೋಣ. ಹಳೇ ಫ್ಲ್ಯಾಟ್ ಅಂದಿರಿ, ಮೇಲೆ ಇನ್ನೊಂದು ಮನೆ ಇದೆ ಅಂದಿರಿ. ಅಂದರೆ ನಿಮ್ಮ ಬಾತ್‌ರೂಮಿನ ಮೇಲೆ ಅವರ ಬಾತ್‌ರೂಮ್. ಅವರ ಬಚ್ಚಲ ನೆಲದ ನೀರು ಇಳಿದುಹೋಗುವ ನಹಾನಿ ಟ್ರ್ಯಾಪ್, ಕಮೋಡಿನ ಪೈಪು ನಿಮ್ಮ ಸ್ಲ್ಯಾಬಿನ ಕೆಳಗೆ ನೇತಾಡುತ್ತಿರಬಹುದು, ಅಥವಾ ಅವರ ನೆಲದೊಳಗೆ ಹೂತಿರಬಹುದು. ಎರಡರಲ್ಲೂ ಒಂದಲ್ಲ ಒಂದು ದಿನ ಒರತೆ ಬರುತ್ತದೆ. ಆಗ ಸೀಲಿಂಗ್ ಬಿಚ್ಚಿ ನೋಡಲು ಆಗಬೇಕು. ಜಿಪ್ಸಮ್ಮನ್ನು ಒಡೆದೇ ತೆಗೆಯಬೇಕು. ಪಿವಿಸಿಯನ್ನು ಒಂದು ಕಡೆಯಿಂದ ಬಿಚ್ಚಿ, ಪೈಪು ರಿಪೇರಿ ಮಾಡಿಸಿ, ಅದೇ ಪಟ್ಟಿಗಳನ್ನು ಮತ್ತೆ ಜೋಡಿಸಬಹುದು. ಬಾತ್‌ರೂಮಿಗೆ ನಾನು ಪಿವಿಸಿ ಹೇಳುವುದಕ್ಕೆ ಮುಖ್ಯ ಕಾರಣ ಇದು. ನೀರು ಕುಡಿಯುವುದಿಲ್ಲ ಅನ್ನುವುದು ಎರಡನೇ ಕಾರಣ.

ಈಗಿನ ಸ್ಥಿತಿ ತಿಳಿಯಲು ಒಂದು ಪಾಲಿಥೀನ್ ಹಾಳೆ ಸಾಕು. ಒಂದೂವರೆ ಅಡಿ ಚೌಕದ ಪಾರದರ್ಶಕ ಹಾಳೆಯನ್ನು ಸ್ಲ್ಯಾಬಿನ ಕೆಳಮೈಗೆ ಇಟ್ಟು, ನಾಲ್ಕೂ ಅಂಚಿಗೆ ಸಂದಿಲ್ಲದಂತೆ ಟೇಪ್ ಅಂಟಿಸಿ. ಮೇಲಿನವರ ಟ್ರ್ಯಾಪ್ ಇರುವ ಜಾಗದ ಹತ್ತಿರ ಒಂದು, ದೂರದ ಮೂಲೆಯಲ್ಲಿ ಒಂದು ಹಾಕಿ. ಎರಡು ದಿನ ಬಿಡಿ. ಹಾಳೆಗೂ ಸ್ಲ್ಯಾಬಿಗೂ ನಡುವೆ ಹನಿ ಕಟ್ಟಿದ್ದರೆ ನೀರು ಸ್ಲ್ಯಾಬಿನಿಂದಲೇ ಬರುತ್ತಿದೆ. ಹಾಳೆಯ ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ನಿಮ್ಮ ಸ್ನಾನದ ಆವಿ. ಮೊದಲನೆಯದಾದರೆ ಮೇಲಿನ ಮನೆಯವರ ಹತ್ತಿರ ಮಾತಾಡಿ. ಅವರ ಬಾತ್‌ರೂಮಿನ ಟ್ರ್ಯಾಪ್ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ನಿಮ್ಮ ಕಡೆಯಿಂದ ನೋಡಿದರೆ ಸೋರುವ ಜಾಗ ಗೊತ್ತಾಗುತ್ತದೆ. ಅದು ಸರಿಯಾಗದೆ ಸೀಲಿಂಗ್ ಹಾಕಿದರೆ ಆಗುವ ಅನಾಹುತ ನೀರಿನದ್ದಷ್ಟೇ ಅಲ್ಲ. ಸ್ಲ್ಯಾಬಿನ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಚಕ್ಕೆ ಏಳುತ್ತಾ ಇರುತ್ತದೆ. ಪಿವಿಸಿ ಅದನ್ನೆಲ್ಲ ಚೆನ್ನಾಗಿ ಮುಚ್ಚಿಡುತ್ತದೆ. ಚಕ್ಕೆ ಬಿದ್ದು ಪಟ್ಟಿ ಒಡೆದಾಗಲೇ ನಿಮಗೆ ಗೊತ್ತಾಗುವುದು.

ಸ್ಲ್ಯಾಬ್ ಒಣಗಿದೆ ಅಂತಾದರೆ ಕೆಲಸಕ್ಕೆ ಇಳಿಯಬಹುದು. ಪಿವಿಸಿ ಪಟ್ಟಿ ಸಾಮಾನ್ಯವಾಗಿ 10 ಇಂಚು ಅಗಲ, 10 ಅಡಿ ಉದ್ದ ಬರುತ್ತದೆ. ಒಂದರ ಅಂಚು ಇನ್ನೊಂದರ ಅಂಚಿನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮ 8 ಅಡಿ ಉದ್ದಕ್ಕೆ ಪಟ್ಟಿ ಹಾಸಿದರೆ ಪ್ರತಿ ಪಟ್ಟಿಯಲ್ಲೂ 2 ಅಡಿ ದಂಡ, ಒಟ್ಟು 6 ಪಟ್ಟಿ ಬೇಕು, ಅಳತೆ ಸ್ವಲ್ಪ ಏರುಪೇರಾದರೆ ಏಳು. ಅದರ ಬದಲು 5 ಅಡಿ ಅಗಲಕ್ಕೆ ಅಡ್ಡ ಹಾಸಿ. ಒಂದು ಪಟ್ಟಿಯನ್ನು ನಡುವೆ ಕತ್ತರಿಸಿದರೆ ಎರಡು ತುಂಡು. 8 ಅಡಿ ತುಂಬಲು 10 ತುಂಡು, ಅಂದರೆ 5 ಪಟ್ಟಿ. ದಂಡ ಹೆಚ್ಚುಕಡಿಮೆ ಏನೂ ಇಲ್ಲ. ಪಟ್ಟಿ ಗಿಡ್ಡವಾದಷ್ಟೂ ಜೋತು ಬೀಳುವುದು ಕಡಿಮೆ, ಬಿಚ್ಚುವುದೂ ಸುಲಭ.

ಪಟ್ಟಿಯನ್ನು ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂರಿಸಲು ಬಿಡಬೇಡಿ. ಪಿವಿಸಿ ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ. 5 ಅಡಿಯ ತುಂಡು 20 ಡಿಗ್ರಿ ಬಿಸಿ ಏರಿದರೆ ಎರಡು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಎರಡೂ ತುದಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಸಂದು ಬಿಟ್ಟರೆ ಅಂಚಿನ ಬೀಡಿಂಗ್ ಅದನ್ನು ಮುಚ್ಚುತ್ತದೆ. ಸಂದಿಲ್ಲದಿದ್ದರೆ ಏಪ್ರಿಲ್ ಮೇ ಹೊತ್ತಿಗೆ ಪಟ್ಟಿ ನಡುವೆ ಬಾಗಿ ನಿಲ್ಲುತ್ತದೆ.

ಪಟ್ಟಿ ಆರಿಸುವಾಗ ತೂಕ ನೋಡಿ ಮೋಸ ಹೋಗಬೇಡಿ. ಭಾರ ಇದ್ದರೆ ಗಟ್ಟಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅಗ್ಗದ ಪಟ್ಟಿಗೆ ಸುಣ್ಣದ ಕಲ್ಲಿನ ಪುಡಿ ಜಾಸ್ತಿ ಬೆರೆಸಿದರೂ ಭಾರ ಬರುತ್ತದೆ. ಒಂದು ಚೂರನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಒಳ್ಳೆಯದು ಬಾಗುತ್ತದೆ, ಮಡಿಕೆಯಲ್ಲಿ ಬಿಳಿಚುತ್ತದೆ, ಆದರೆ ತುಂಡಾಗುವುದಿಲ್ಲ. ಪುಡಿ ತುಂಬಿದ್ದು ಚಟ್ಟನೆ ಮುರಿಯುತ್ತದೆ.

ಮೇಲಿನ ಚೌಕಟ್ಟಿನ ವಿಷಯದಲ್ಲಿ ಸ್ವಲ್ಪ ಹಠ ಹಿಡಿಯಿರಿ. ಪಿವಿಸಿಗೆ ನೀರು ತಾಗದು, ಚೌಕಟ್ಟಿಗೆ ತಾಗುತ್ತದೆ. ಎಷ್ಟೋ ಕಡೆ ಖರ್ಚು ಉಳಿಸಲು ಮರದ ರೀಪಿಗೆ ಸ್ಕ್ರೂ ಹೊಡೆದು ಮುಗಿಸುತ್ತಾರೆ. ಬಾತ್‌ರೂಮಿನ ಆವಿಗೆ ಮರ ಕುಂಬಾಗುತ್ತದೆ, ಸ್ಕ್ರೂ ಸಡಿಲಾಗುತ್ತದೆ. ಗೆದ್ದಲು ಬಂದರೆ ಕೇಳುವುದೇ ಬೇಡ. ಜಿಐ ಅಥವಾ ಅಲ್ಯೂಮಿನಿಯಂ ಚಾನೆಲ್ಲೇ ಬೇಕು ಅಂತ ಹೇಳಿ. ಜಿಐ ಕತ್ತರಿಸಿದ ತುದಿಯಲ್ಲಿ ಸತುವಿನ ಲೇಪ ಇರುವುದಿಲ್ಲ, ತುಕ್ಕು ಶುರುವಾಗುವುದೇ ಅಲ್ಲಿಂದ. ಪ್ರತಿ ತುದಿಗೂ ಸತುವಿನ ಬಣ್ಣ ಹಚ್ಚಿಸಿ. ನಿಮ್ಮ ಪಟ್ಟಿ ಅಡ್ಡ ಇರುವುದರಿಂದ ಚಾನೆಲ್ ಉದ್ದಕ್ಕೆ ಓಡಬೇಕು. ಗೋಡೆಯ ಎರಡು ಬದಿಗೆ ಒಂದೊಂದು, ನಡುವೆ ಎರಡು, 20 ಇಂಚಿಗೆ ಒಂದರಂತೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಕಪ್ಪು ಬಣ್ಣದ ಡ್ರೈವಾಲ್ ಸ್ಕ್ರೂ ಒಣ ಕೋಣೆಗೆ ಸರಿ, ನಮ್ಮ ಬಚ್ಚಲಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಅಡುಗೆಮನೆಯ ಜಿಪ್ಸಮ್ ಬೋರ್ಡಿಗೂ ಸತು ಲೇಪದ ಸ್ಕ್ರೂ ಹಾಕಿಸಿ. ಬಣ್ಣದ ಮೇಲೆ ಸಾಲಾಗಿ ಕಂದು ಚುಕ್ಕಿ ಕಾಣುವುದು ಕಪ್ಪು ಸ್ಕ್ರೂ ತಲೆಗಳಿಂದಲೇ.

ಎಕ್ಸಾಸ್ಟ್ ಫ್ಯಾನ್ ಬಗ್ಗೆಯೂ ಕೇಳಿಕೊಳ್ಳಿ. ಸೀಲಿಂಗನ್ನು 8 ಅಡಿಗೆ ಇಳಿಸಿದಾಗ ಹಳೇ ಫ್ಯಾನಿನ ತೂತು ಅದರ ಮೇಲೆ ಉಳಿದುಬಿಡುತ್ತದೆ. ಆಗ ಕೆಲವರು ಸೀಲಿಂಗಿಗೆ ಹೊಸ ಫ್ಯಾನ್ ಕೂರಿಸಿ, ಗಾಳಿಯನ್ನು ಸುಮ್ನೆ ಮೇಲಿನ ಖಾಲಿ ಜಾಗಕ್ಕೆ ಬಿಡುತ್ತಾರೆ. ಆವಿಯೆಲ್ಲ ಅಲ್ಲಿ ಸೇರಿ, ಸ್ಲ್ಯಾಬಿಗೆ ತಾಗಿ ನೀರಾಗಿ, ಚಾನೆಲ್ ಮೇಲೆ ತೊಟ್ಟಿಕ್ಕುತ್ತದೆ. ಸ್ಲ್ಯಾಬ್ ಸೋರುತ್ತಿದೆ ಅಂತ ಮೇಲಿನವರ ಜೊತೆ ಜಗಳ ಬೇರೆ! ಫ್ಯಾನಿನಿಂದ ಗೋಡೆಯ ಹೊರಗಿನ ತನಕ ಪೈಪು ಹೋಗಲೇಬೇಕು. ಪೈಪು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ, ಒಳಗೆ ಕಟ್ಟಿದ ನೀರು ಆಚೆ ಹೋಗುತ್ತದೆ. ಸ್ನಾನ ಮುಗಿದ ಮೇಲೂ ಕಾಲು ಗಂಟೆ ಫ್ಯಾನ್ ಓಡಲಿ, ಬಾಗಿಲ ಕೆಳಗೆ ಗಾಳಿ ಬರಲು ಸಂದಿರಲಿ. ಟ್ರ್ಯಾಪಿನ ಸರಿ ಕೆಳಗೆ ಒಂದೂವರೆ ಅಡಿ ಚೌಕದ ಬಾಗಿಲು ಮಾಡಿಸಿ, ವರ್ಷಕ್ಕೆರಡು ಸಲ ತೆರೆದು ಟಾರ್ಚ್ ಹಾಕಿ ನೋಡಿ.

ಇಷ್ಟೆಲ್ಲ ಒಳ್ಳೆಯ ಪಿವಿಸಿ ಅಡುಗೆಮನೆಗೆ ಯಾಕೆ ಬೇಡ ಅಂದರೆ, ಬೆಂಕಿ. ಪಿವಿಸಿ 80 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಅದಕ್ಕಿಂತ ಬಹಳ ಮೊದಲೇ, ದಿನಾ ಬಿಸಿ ತಾಗುವ ಜಾಗದಲ್ಲಿ ಹಳದಿಯಾಗಿ ಬಾಗುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ ಜ್ವಾಲೆ ಮೇಲೆದ್ದರೆ ಪಿವಿಸಿ ಬಿಡುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಇರುತ್ತದೆ, ಕಣ್ಣು ಮತ್ತು ಶ್ವಾಸಕೋಶ ಎರಡಕ್ಕೂ ಅಪಾಯ. ಜಿಪ್ಸಮ್ ಇಲ್ಲಿ ಬೇರೆಯೇ ಥರ ನಡೆದುಕೊಳ್ಳುತ್ತದೆ. ಅದರೊಳಗೆ ಐದನೇ ಒಂದು ಭಾಗ ನೀರಿದೆ ಅಂದೆನಲ್ಲ, ಬೆಂಕಿ ತಾಗಿದಾಗ ಆ ನೀರು ಆವಿಯಾಗಿ ಹೋಗುವ ತನಕ ಬೋರ್ಡಿನ ಹಿಂಬದಿ ಹೆಚ್ಚು ಕಾಯುವುದಿಲ್ಲ. ನಿಮ್ಮ ಅಡುಗೆಮನೆಯ ಆವಿ ಬಚ್ಚಲಿನಷ್ಟು ದಟ್ಟವಾಗಿರುವುದಿಲ್ಲ, ಎಂಆರ್ ಬೋರ್ಡ್ ಅದನ್ನು ತಾಳುತ್ತದೆ.

ಅಲ್ಲಿ ಚಾನೆಲ್ ಅಂತರವನ್ನು ಎಂದಿನ ಒಂದೂವರೆ ಅಡಿಯ ಬದಲು 16 ಇಂಚಿಗೆ ಇಳಿಸಲು ಹೇಳಿ, 12 ಇಂಚು ಮಾಡಿದರೆ ಇನ್ನೂ ಒಳ್ಳೆಯದು. ನಮ್ಮ ಹವೆಯಲ್ಲಿ ಬೋರ್ಡ್ ಜೋತು ಬೀಳದಿರಲು ಈ ಒಂದು ಬದಲಾವಣೆ ಬಹಳ ಕೆಲಸ ಮಾಡುತ್ತದೆ, ಖರ್ಚು ಒಂದೆರಡು ಚಾನೆಲ್ ಅಷ್ಟೇ. ಚಿಮಣಿ ಪೈಪಿಗೂ ಲೈಟಿಗೂ ಕೊರೆದ ತೂತಿನ ಅಂಚಿಗೆ ಪ್ರೈಮರ್ ಹಚ್ಚಿಸಿ, ಅಲ್ಲಿ ಕಾಗದದ ರಕ್ಷಣೆ ಇರುವುದಿಲ್ಲ. ಮೇಲೆ ಬೂಷ್ಟು ತಡೆಯುವ, ತೊಳೆಯಬಹುದಾದ ಎಮಲ್ಷನ್ ಬಳಿಸಿ. ಡಿಸ್ಟೆಂಪರ್ ಬೇಡ.

ಕೆಲಸವನ್ನು ಡಿಸೆಂಬರ್ ಮತ್ತು ಮಾರ್ಚ್ ನಡುವೆ ಇಟ್ಟುಕೊಂಡರೆ ಜಾಯಿಂಟಿನ ಪುಟ್ಟಿ ಸರಿಯಾಗಿ ಒಣಗುತ್ತದೆ. ಮಳೆಗಾಲದಲ್ಲೇ ಆಗಬೇಕು ಅಂದರೆ ಬಾತ್‌ರೂಮಿನ ಪಿವಿಸಿ ಈಗಲೇ ಮಾಡಿಸಿ, ಅದರಲ್ಲಿ ಒಣಗುವಂಥದ್ದು ಏನೂ ಇಲ್ಲ. ಅಡುಗೆಮನೆಯದನ್ನು ದೀಪಾವಳಿ ಕಳೆದ ಮೇಲೆ ಮಾಡಿಸಿ.

ಮೇಸ್ತ್ರಿಗೆ ಕೊಟ್ಟ ಮುಂಗಡದ ವಿಷಯ. ಪಿಒಪಿ ಕೆಟ್ಟ ವಸ್ತುವಲ್ಲ, ಬಾಗು ಬಳುಕಿನ ಕೆಲಸದಲ್ಲಿ ಅದಕ್ಕೆ ಸಾಟಿ ಇಲ್ಲ. ಹಾಲ್‌ನ ಗೋಡೆಯಂಚಿಗೆ ಕಾರ್ನಿಸ್, ಫ್ಯಾನಿನ ಸುತ್ತ ಒಂದು ಹೂವಿನ ಬಳ್ಳಿ ಅವರಿಂದಲೇ ಮಾಡಿಸಿಕೊಳ್ಳಿ. ಮಳೆ ನಿಂತ ಮೇಲೆ ಮಾಡಲಿ, ಬಣ್ಣಕ್ಕೆ ಮೂರು ವಾರ ಬಿಡಲಿ. ಪೇಂಟರ್ ಬರುವ ಹಿಂದಿನ ದಿನ ಅದೇ ಪಾಲಿಥೀನ್ ಹಾಳೆಯ ಒಂದು ತುಂಡನ್ನು ಕಾರ್ನಿಸ್ ಮೇಲೆ ಟೇಪ್ ಹಾಕಿ ಅಂಟಿಸಿ. ಬೆಳಿಗ್ಗೆ ಒಳಗೆ ಮಂಜು ಕಟ್ಟಿದ್ದರೆ ಪೇಂಟರ್‌ಗೆ ಇನ್ನೊಂದು ವಾರ ಬಿಟ್ಟು ಬರಲು ಹೇಳಿ.